ಒಂದೇ ಮೊತ್ತದ ಎರಡು ಆರ್ಡರ್, ಬಂದ ರೊಕ್ಕ ಯಾರದು? ವಾಟ್ಸಾಪ್‌ನಲ್ಲಿ ಪೇಮೆಂಟ್ ಲಿಂಕ್ ಕಳಿಸೋದು ಹೇಗೆ ಹೇಳಿ

ನವನಗರ_ರೊಟ್ಟಿಮನೆ · ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ನವನಗರದ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾಡಿ ಮಾರುತ್ತೇನೆ. ನಾನು, ನಮ್ಮ ಅತ್ತೆ, ಜೊತೆಗೆ ರೊಟ್ಟಿ ಬಡಿಯಲು ಬರುವ ಇಬ್ಬರು. ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲೇ ಬರುತ್ತವೆ. ಅರ್ಧ ಊರಿನವು, ಉಳಿದ ಅರ್ಧ ಬೆಂಗಳೂರು, ಪುಣೆಗೆ ಪಾರ್ಸೆಲ್.

ಇಲ್ಲಿಯತನಕ ನನ್ನ ಫೋನ್ ನಂಬರ್ ಕೊಟ್ಟು "ಇದಕ್ಕೆ ಹಾಕಿರಿ" ಅನ್ನುತ್ತಿದ್ದೆ. ಹೋದ ವಾರ ಎಡವಟ್ಟಾಯಿತು. ಒಂದೇ ದಿನ ಇಬ್ಬರು ಗಿರಾಕಿಗಳು ಒಂದೇ ಸಾಮಾನು ಹೇಳಿದರು. ಇಬ್ಬರದೂ 620 ರೂಪಾಯಿ. ಸಂಜೆ ಒಂದು 620 ಬಂತು. ಹೆಸರು ನೋಡಿದರೆ ಯಾರೋ ಗಂಡಸಿನದು. ಆರ್ಡರ್ ಹೇಳಿದವರು ಇಬ್ಬರೂ ಹೆಣ್ಣುಮಕ್ಕಳು. ಯಾರ ಗಂಡನೋ, ಯಾರ ತಮ್ಮನೋ ಗೊತ್ತಾಗಲಿಲ್ಲ. ಅವರಲ್ಲಿ ಒಬ್ಬರು ಸ್ಕ್ರೀನ್‌ಶಾಟ್ ಕಳಿಸಿದ್ದರು, ಅವರದೇ ಇರಬೇಕು ಅಂತ ಪಾರ್ಸೆಲ್ ಹಚ್ಚಿದೆ. ಮರುದಿನ ಇನ್ನೊಬ್ಬರು ಫೋನ್ ಮಾಡಿ "ರೊಕ್ಕ ಹಾಕಿದ್ದೇನಲ್ಲ, ರೊಟ್ಟಿ ಎಲ್ಲಿ?" ಅಂದರು. ಆಮೇಲೆ ಸ್ಕ್ರೀನ್‌ಶಾಟ್ ಸರಿಯಾಗಿ ನೋಡಿದೆ. ಅದು ಹಿಂದಿನ ತಿಂಗಳ ಆರ್ಡರ್‌ದು. ತಪ್ಪಿ ಕಳಿಸಿದರೋ, ಬೇಕಂತಲೇ ಕಳಿಸಿದರೋ, ಕೇಳಲು ನನಗೇ ಸಂಕೋಚ.

ಪೇಮೆಂಟ್ ಲಿಂಕ್ ಕಳಿಸಿದರೆ ಈ ತಲೆನೋವು ಇರುವುದಿಲ್ಲ ಅಂತ ನಮ್ಮ ಅಣ್ಣನ ಮಗಳು ಹೇಳಿದಳು. ಅದನ್ನು ಹೇಗೆ ಮಾಡುವುದು? ನನ್ನ ಹತ್ತಿರ ಅಂಗಡಿ ಇಲ್ಲ, ವೆಬ್‌ಸೈಟ್ ಇಲ್ಲ.

ಬಸ್ಯಾ_ಗೋಳಗುಮ್ಮಟ · ವಿಜಯಪುರ

ಅಕ್ಕಾ, ಇದಕ್ಕೆ ಯಾವ ಕಂಪನಿಯೂ ಬೇಡ. ಲಿಂಕ್ ಕೈಯಲ್ಲೇ ಟೈಪ್ ಮಾಡಬಹುದು, ಪೂರ್ತಿ ಪುಕ್ಕಟೆ. ಇದನ್ನು ನೋಡಿರಿ:

```
upi://pay?pa=hesaru@bank&pn=Rotti%20Mane&am=620.00&cu=INR&tn=ORD-47
```

`pa` ಅಂದ ಕಡೆ ನಿಮ್ಮ ಯುಪಿಐ ಐಡಿ, `pn` ನಿಮ್ಮ ಹೆಸರು, `am` ಮೊತ್ತ, `tn` ಅಂದರೆ ಒಂದು ಸಣ್ಣ ಟಿಪ್ಪಣಿ. ಅಲ್ಲಿ ಆರ್ಡರ್ ನಂಬರ್ ಹಾಕಿಬಿಡಿರಿ. ಹೆಸರಿನ ನಡುವೆ ಜಾಗ ಬಿಡಬೇಡಿ, ಜಾಗದ ಬದಲು `%20` ಅಂತ ಬರೆಯಬೇಕು, ಇಲ್ಲದಿದ್ದರೆ ಲಿಂಕ್ ಅಲ್ಲಿಗೇ ತುಂಡಾಗುತ್ತದೆ. ಗಿರಾಕಿ ಒತ್ತಿದರೆ ಅವರ ಫೋನಿನಲ್ಲಿ ಯಾವ ಆ್ಯಪ್ ಇದೆಯೋ ಅದು ತೆರೆದು 620 ತಾನೇ ತುಂಬಿಕೊಳ್ಳುತ್ತದೆ. ಅವರು ಮೊತ್ತ ಬದಲಿಸಲು ಬರುವುದಿಲ್ಲ.

ಅದೂ ಬೇಡ ಅಂದರೆ ಆ್ಯಪ್‌ನಿಂದಲೇ ರಿಕ್ವೆಸ್ಟ್ ಕಳಿಸಿರಿ. ಅವರು ಪಿನ್ ಹಾಕಿದರೆ ಮುಗಿಯಿತು.

ಲೆಕ್ಕದವ_ಟಿಳಕವಾಡಿ · ಬೆಳಗಾವಿ

ಬಸ್ಯಾ, ಅರ್ಧ ಸರಿ ಹೇಳಿದಿ. ಆ ಸಾಲು ನಿಜವಾಗಿಯೂ ಯುಪಿಐ ಲಿಂಕೇ. ಕ್ಯೂಆರ್ ಕೋಡ್ ಒಳಗೆ ಇರುವುದೂ ಹೆಚ್ಚುಕಡಿಮೆ ಅದೇ ಸಾಲು. ಆದರೆ ಅದನ್ನು ವಾಟ್ಸಾಪ್‌ನಲ್ಲಿ ಯಾರಿಗಾದರೂ ಕಳಿಸಿ ನೋಡಿದ್ದೀಯಾ? ನೀಲಿ ಬಣ್ಣಕ್ಕೆ ತಿರುಗುವುದಿಲ್ಲ. `https` ಇಂದ ಶುರುವಾದದ್ದನ್ನು ವಾಟ್ಸಾಪ್ ಲಿಂಕ್ ಅಂತ ಗುರುತಿಸುತ್ತದೆ, `upi://` ಅಂದರೆ ಬರೀ ಅಕ್ಷರ ಅಂದುಕೊಳ್ಳುತ್ತದೆ. ಗಿರಾಕಿ ಒತ್ತುತ್ತಾರೆ, ಏನೂ ಆಗುವುದಿಲ್ಲ. "ನಿಮ್ಮ ಲಿಂಕ್ ಕೆಟ್ಟಿದೆ" ಅಂತ ಫೋನ್ ಬರುತ್ತದೆ.

ಹಾಗಾಗಿ ಜನ ಅದನ್ನೇ ಕ್ಯೂಆರ್ ಚಿತ್ರ ಮಾಡಿ ಕಳಿಸುತ್ತಾರೆ. ಅಲ್ಲೂ ಒಂದು ತೊಡಕು. ಗಿರಾಕಿಯ ಹತ್ತಿರ ಇರುವುದು ಒಂದೇ ಫೋನು, ಚಿತ್ರವೂ ಅದರಲ್ಲೇ. ತನ್ನ ಫೋನಿನ ಪರದೆಯನ್ನು ತಾನೇ ಸ್ಕ್ಯಾನ್ ಮಾಡಲು ಬರುತ್ತದಾ? ಚಿತ್ರ ಸೇವ್ ಮಾಡಿ, ಆ್ಯಪ್ ತೆರೆದು, ಗ್ಯಾಲರಿಯಿಂದ ಆರಿಸಬೇಕು. ನಿಮ್ಮ ಸ್ವಂತ ಖಾತೆಯ ಕ್ಯೂಆರ್ ಆದರೆ ಹೀಗೆ ಗ್ಯಾಲರಿಯಿಂದ ಹಾಕಿದಾಗ 2,000 ರೂಪಾಯಿ ಮಿತಿ ಅಡ್ಡ ಬರುತ್ತದೆ. 620ಕ್ಕೆ ನಡೆದೀತು, ಮದುವೆಮನೆ ಆರ್ಡರ್‌ಗೆ ನಡೆಯುವುದಿಲ್ಲ.

ಇನ್ನು ರಿಕ್ವೆಸ್ಟ್ ಮಾತು. ಒಬ್ಬರಿಂದ ಒಬ್ಬರಿಗೆ ರೊಕ್ಕ ಕೇಳುವ ರಿಕ್ವೆಸ್ಟ್ 2025ರ ಅಕ್ಟೋಬರ್ 1ರಿಂದ ಬಂದ್ ಆಗಿದೆ. ಅದರಲ್ಲಿ ಮೋಸ ಜಾಸ್ತಿ ಆಗಿತ್ತು ಅಂತ ಯುಪಿಐ ನಡೆಸುವ ಎನ್‌ಪಿಸಿಐ ನಿಲ್ಲಿಸಿತು. ವ್ಯಾಪಾರಿ ಖಾತೆಯ ಲೆಕ್ಕ ಬೇರೆ.

ಮುಖ್ಯ ಮಾತು ಇನ್ನೊಂದಿದೆ. ಅಕ್ಕ ಕೇಳುತ್ತಿರುವುದು ರೊಕ್ಕ ಹೇಗೆ ತರಿಸುವುದು ಅಂತ ಅಲ್ಲ, ಬಂದ ರೊಕ್ಕ ಯಾರದು ಅಂತ. ಬಸ್ಯಾನ ಲಿಂಕ್ ಒಂದು ತುಂಬಿದ ಚಲನ್ ಇದ್ದ ಹಾಗೆ. ಅದಕ್ಕೆ ನೆನಪಿಲ್ಲ. ಕಟ್ಟಿದರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಅದೇ ಚಲನ್ ಇಟ್ಟುಕೊಂಡು ನಾಲ್ಕು ಸಲ ಕಟ್ಟಬಹುದು. ಬೇಕಾದರೆ ಲಿಂಕ್‌ನೊಳಗಿನ 620 ಅಳಿಸಿ 62 ಬರೆದುಕೊಂಡೂ ಕಟ್ಟಬಹುದು.

ಬಸ್ಯಾ_ಗೋಳಗುಮ್ಮಟ · ವಿಜಯಪುರ

ಈಗ ಕಳಿಸಿ ನೋಡಿದೆ. ಹೌದು, ಕಪ್ಪಗೇ ಉಳಿಯಿತು 😄 ನಾನು ನಮ್ಮ ಅಂಗಡಿಯಲ್ಲಿ ಕ್ಯೂಆರ್ ಮಾಡಲು ಮಾತ್ರ ಬಳಸಿದ್ದೆ.

ಆದರೆ ಒಂದು ಪುಕ್ಕಟೆ ಉಪಾಯ ಹೇಳುತ್ತೇನೆ. ಮೊತ್ತದ ಹಿಂದೆ ಆರ್ಡರ್ ನಂಬರನ್ನು ಪೈಸೆಯಾಗಿ ಹಚ್ಚಿರಿ. 47ನೇ ಆರ್ಡರ್‌ಗೆ 620.47, 48ನೆಯದಕ್ಕೆ 620.48. ಯಾರ ಹೆಸರಿನಿಂದ ಬಂದರೂ ಪೈಸೆ ನೋಡಿದರೆ ಗೊತ್ತಾಗುತ್ತದೆ.

ಲೆಕ್ಕದವ_ಟಿಳಕವಾಡಿ · ಬೆಳಗಾವಿ

ಇದು ಚಲೋ ಇದೆ, ಸುಮ್ನೆ ಹೇಳುತ್ತಿಲ್ಲ. ದಿನಕ್ಕೆ ಎಂಟು ಹತ್ತು ಆರ್ಡರ್ ಇದ್ದರೆ ಸಾಕಾಗುತ್ತದೆ. ತೊಂದರೆ ಏನೆಂದರೆ ನಮ್ಮ ಜನ 620.47 ನೋಡಿ "47 ಪೈಸೆ ಏನು ಲೆಕ್ಕ" ಅಂತ 621 ಹಾಕಿಬಿಡುತ್ತಾರೆ.

ನಿವೃತ್ತ_ಕಾಕಾ · ವಿಜಯಪುರ

ತಂಗಿ, ಹುಷಾರ್. ಯಾರು ಲಿಂಕ್ ಕಳಿಸಿದರೂ ಒತ್ತಬೇಡ. ನಮ್ಮ ಓಣಿಯಲ್ಲಿ ಒಬ್ಬರಿಗೆ ಇದೇ ರೀತಿ "ನಿಮಗೆ ರೊಕ್ಕ ಬಂದಿದೆ, ಲಿಂಕ್ ಒತ್ತಿ ಪಿನ್ ಹಾಕಿ" ಅಂತ ಮೆಸೇಜ್ ಬಂತು. 18,000 ಹೋಯಿತು. ಯಾರಾದರೂ ರೊಕ್ಕ ಕೊಡುತ್ತೇನೆ ಅಂತ ಲಿಂಕ್ ಕಳಿಸಿದರೆ ಬೇಡ ಅನ್ನು.

ನವನಗರ_ರೊಟ್ಟಿಮನೆ · ಬಾಗಲಕೋಟೆ

ಕಾಕಾ, ಲಿಂಕ್ ಕಳಿಸುವವಳು ನಾನೇ. ಗಿರಾಕಿಗಳಿಗೆ.

ನಿವೃತ್ತ_ಕಾಕಾ · ವಿಜಯಪುರ

ಹಂಗಾದರೆ ನಾನು ನಿನ್ನ ಗಿರಾಕಿ ಆಗಿದ್ದರೆ ಒತ್ತುತ್ತಿರಲಿಲ್ಲ.

ಲೆಕ್ಕದವ_ಟಿಳಕವಾಡಿ · ಬೆಳಗಾವಿ

ಕಾಕಾ ಪ್ರಶ್ನೆ ತಪ್ಪು ತಿಳಿದರೂ ಮಾತು ಸರಿ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಕ್ಕನ ಪ್ರಶ್ನೆ.

ನಿಮಗೆ ಬೇಕಾದದ್ದು ಪೇಮೆಂಟ್ ಕಂಪನಿಯ ಲಿಂಕ್. ರೇಜರ್‌ಪೇ, ಕ್ಯಾಶ್‌ಫ್ರೀ, ಇನ್‌ಸ್ಟಾಮೋಜೋ ಹೀಗೆ ಹಲವು ಇವೆ. ನಾನು ನಾಲ್ಕು ಮನೆ ವ್ಯಾಪಾರಗಳ ಲೆಕ್ಕ ನೋಡುತ್ತೇನೆ, ಅದರಲ್ಲಿ ಮೂರು ರೇಜರ್‌ಪೇಯಲ್ಲಿವೆ. ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ, ಬೇರೆಯವೂ ಹೆಚ್ಚುಕಡಿಮೆ ಹೀಗೇ.

ಮೊದಲು ಖಾತೆ ತೆರೆಯಬೇಕು. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಕೇಳುತ್ತಾರೆ. ಕಂಪನಿ ನೋಂದಣಿ ಇಲ್ಲದ ಒಬ್ಬರೇ ವ್ಯಕ್ತಿಯ ಹೆಸರಿನಲ್ಲೂ ತೆರೆಯಬಹುದು. ಇಲ್ಲಿ ಒಂದೇ ಎಚ್ಚರಿಕೆ: ಪ್ಯಾನ್ ಯಾರ ಹೆಸರಿನಲ್ಲಿದೆಯೋ ಬ್ಯಾಂಕ್ ಖಾತೆಯೂ ಅವರದೇ ಇರಬೇಕು. ಪ್ಯಾನ್ ನಿಮ್ಮದು, ಖಾತೆ ಯಜಮಾನರದು ಅಂದರೆ ಅಲ್ಲೇ ನಿಲ್ಲುತ್ತದೆ. ತಿನ್ನುವ ಸಾಮಾನು ಮಾರುವುದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿಯನ್ನೂ ಕೇಳಬಹುದು, ಕೈಯಲ್ಲಿ ಇಟ್ಟುಕೊಂಡಿರಿ.

ಖಾತೆ ಚಾಲೂ ಆದ ಮೇಲೆ ಒಳಗೆ `Payment Links` ಅಂತ ಇರುತ್ತದೆ. ಹೊಸ ಲಿಂಕ್ ಒತ್ತಿದರೆ ಒಂದು ಸಣ್ಣ ಫಾರಂ. ಮೊತ್ತ ಹಾಕಿ. ಯಾವುದಕ್ಕೆ ಅನ್ನುವ ಕಡೆ "60 ಖಡಕ್ ರೊಟ್ಟಿ, ಶೇಂಗಾ ಹಿಂಡಿ" ಅಂತ ಗಿರಾಕಿಗೆ ತಿಳಿಯುವ ಹಾಗೆ ಬರೆಯಿರಿ. ಅದು ಅವರ ಪರದೆಯ ಮೇಲೆ ಕಾಣುತ್ತದೆ. ಅದರ ಕೆಳಗೆ `Reference ID` ಅಂತ ಇದೆ. ಜನ ಅದನ್ನು ಖಾಲಿ ಬಿಡುತ್ತಾರೆ. ಬಿಡಬೇಡಿ, ನಿಮ್ಮ ವಹಿಯಲ್ಲಿರುವ ಆರ್ಡರ್ ನಂಬರನ್ನು ಅಲ್ಲಿ ಬರೆಯಿರಿ. ಒಂದು ಸಲ ಬಳಸಿದ ನಂಬರನ್ನು ಎರಡನೇ ಲಿಂಕ್‌ಗೆ ಹಾಕಲು ಅದು ಬಿಡುವುದಿಲ್ಲ. ಅವಸರದಲ್ಲಿ ಒಂದೇ ಆರ್ಡರ್‌ಗೆ ಎರಡು ಲಿಂಕ್ ಮಾಡಿ, ಗಿರಾಕಿ ಎರಡಕ್ಕೂ ಕಟ್ಟಿ, ಆಮೇಲೆ ವಾಪಸ್ ಮಾಡುವ ಪೇಚಾಟ ಇದರಿಂದ ತಪ್ಪುತ್ತದೆ.

ಕೊನೆಗೆ ಅವಧಿ. ಏನೂ ಹಾಕದಿದ್ದರೆ ಲಿಂಕ್ ಆರು ತಿಂಗಳು ಜೀವಂತ ಇರುತ್ತದೆ. ಶೇಂಗಾದ ರೇಟು ಆರು ತಿಂಗಳು ಹಾಗೇ ಇರುತ್ತದಾ? ಎರಡು ದಿನ ಹಾಕಿರಿ ಸಾಕು.

ಅಷ್ಟಾದರೆ `https://rzp.io` ಅಂತ ಶುರುವಾಗುವ ಸಣ್ಣ ಲಿಂಕ್ ಬರುತ್ತದೆ. ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕುವುದು. ಇದು ನೀಲಿ ಆಗುತ್ತದೆ. ಗಿರಾಕಿ ಒತ್ತಿದರೆ ಒಂದು ಪುಟ ತೆರೆಯುತ್ತದೆ, ಯುಪಿಐ, ಕಾರ್ಡು, ನೆಟ್‌ಬ್ಯಾಂಕಿಂಗ್ ಯಾವುದರಿಂದ ಬೇಕಾದರೂ ಕಟ್ಟುತ್ತಾರೆ. ಗಂಡ ಕಟ್ಟಲಿ, ಮಗ ಕಟ್ಟಲಿ, ನಿಮ್ಮ ಪಟ್ಟಿಯಲ್ಲಿ 47ನೇ ಆರ್ಡರ್ ಮುಂದೆ `Paid` ಬರುತ್ತದೆ. ಒಮ್ಮೆ ಕಟ್ಟಿದ ಮೇಲೆ ಆ ಲಿಂಕ್ ಮುಚ್ಚುತ್ತದೆ. ಮನೆಯ ಗ್ರೂಪಿನಲ್ಲಿ ಹಾಕಿ ಇನ್ನೊಬ್ಬರು ಒತ್ತಿದರೂ ಎರಡನೇ ಸಲ ಹೋಗುವುದಿಲ್ಲ.

ಬಸ್ಯಾ_ಗೋಳಗುಮ್ಮಟ · ವಿಜಯಪುರ

ಪುಕ್ಕಟೆ ಕೊಡುತ್ತಾರಾ? ಅದನ್ನು ಹೇಳಲೇ ಇಲ್ಲ.

ಲೆಕ್ಕದವ_ಟಿಳಕವಾಡಿ · ಬೆಳಗಾವಿ

ಹೇಳುತ್ತೇನೆ ತಡಿ. ಖಾತೆ ತೆರೆಯಲು ಏನಿಲ್ಲ. ಕಟ್ಟಿದ ಪ್ರತಿ ಸಲ ಸಾಮಾನ್ಯ ದರ ಶೇಕಡಾ 2, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಆ 18 ಮೊತ್ತದ ಮೇಲಲ್ಲ, ಅವರ ಫೀ ಮೇಲೆ. ಯುಪಿಐಗೆ ಬ್ಯಾಂಕ್ ಚಾರ್ಜ್ ಇಲ್ಲ ಅನ್ನುವುದು ನಿಜ, ಆದರೆ ಇದು ಕಂಪನಿ ತನ್ನ ಕೆಲಸಕ್ಕೆ ತೆಗೆದುಕೊಳ್ಳುವ ಫೀ.

ಒಂದು ಪುಣೆ ಆರ್ಡರ್ ಲೆಕ್ಕ ಮಾಡೋಣ. 60 ರೊಟ್ಟಿ 600, ಅರ್ಧ ಕಿಲೋ ಶೇಂಗಾ ಹಿಂಡಿ 220, ಕಾಲು ಕಿಲೋ ಗುರೆಳ್ಳು ಹಿಂಡಿ 140, ಪಾರ್ಸೆಲ್ 280. ಒಟ್ಟು 1,240. ಅದರ 2 ಪರ್ಸೆಂಟ್ 24.80. ಜಿಎಸ್‌ಟಿ 4.46. ಹೋಗುವುದು 29.26, ನಿಮ್ಮ ಕೈಗೆ 1,210.74.

ಅದೂ ಅದೇ ದಿನ ಬರುವುದಿಲ್ಲ. ಸಾಮಾನ್ಯವಾಗಿ ಎರಡು ಕೆಲಸದ ದಿನ. ಶುಕ್ರವಾರ ಸಂಜೆ ಕಟ್ಟಿದ್ದು ಮುಂದಿನ ವಾರಕ್ಕೆ ಹೋಯಿತು ಅಂದುಕೊಳ್ಳಿರಿ. ಬ್ಯಾಂಕಿಗೆ ಬರುವಾಗ ಆ ದಿನದ ಆರ್ಡರ್ ಎಲ್ಲ ಸೇರಿ ಫೀ ಕಳೆದು ಒಂದೇ ಗಂಟಾಗಿ ಬರುತ್ತದೆ. ಹಾಗಾಗಿ ಪಾಸ್‌ಬುಕ್ ನೋಡಿ ಆರ್ಡರ್ ಹುಡುಕಬೇಡಿ, ಅವರ ಪಟ್ಟಿಯಲ್ಲೇ ನೋಡಬೇಕು.

ನವನಗರ_ರೊಟ್ಟಿಮನೆ · ಬಾಗಲಕೋಟೆ

29 ರೂಪಾಯಿ ಅಂದರೆ ಹತ್ತಿರ ಹತ್ತಿರ ಮೂರು ರೊಟ್ಟಿ ಸರ್. ಮೂರು ರೊಟ್ಟಿ ಬಡಿಯುವುದು ಎಷ್ಟು ಕಷ್ಟ ಅಂತ ನಮ್ಮ ಅತ್ತೆಯನ್ನು ಕೇಳಬೇಕು. ಇದನ್ನು ಗಿರಾಕಿಯ ಮೇಲೆ ಹಾಕಬಹುದಾ?

ಲೆಕ್ಕದವ_ಟಿಳಕವಾಡಿ · ಬೆಳಗಾವಿ

"ಲಿಂಕ್ ಚಾರ್ಜ್" ಅಂತ ಬೇರೆ ಸಾಲು ಬರೆಯಬೇಡಿ, ಯುಪಿಐಗೆ ಚಾರ್ಜ್ ಹಚ್ಚುತ್ತೀರಾ ಅಂತ ಜಗಳ ಶುರುವಾಗುತ್ತದೆ. ಪಾರ್ಸೆಲ್ ಆರ್ಡರ್‌ನ ರೇಟಿನಲ್ಲೇ ಸೇರಿಸಿರಿ. 1,240 ಕೈಗೆ ಬರಬೇಕು ಅಂದರೆ 1,270 ಕೇಳಬೇಕು. 1,270ಕ್ಕೆ ಫೀ 29.97.

ಇಳಕಲ್_ಸೆರಗು · ಇಳಕಲ್

ನಮ್ಮದು ಸೀರೆ. ಅಕ್ಕನ ಲೆಕ್ಕ ನಮಗೆ ಹೊಂದುವುದಿಲ್ಲ. 6,500ರ ಸೀರೆಗೆ 2 ಪರ್ಸೆಂಟ್ ಅಂದರೆ ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ನಾನು ಮೊದಲು ಕ್ಯೂಆರ್ ಚಿತ್ರ ಕಳಿಸುತ್ತಿದ್ದೆ. ಗಿರಾಕಿಗಳು "ಹೋಗುತ್ತಿಲ್ಲ, ಹೋಗುತ್ತಿಲ್ಲ" ಅನ್ನುತ್ತಿದ್ದರು. ನನಗೆ ನೆಟ್‌ವರ್ಕ್ ಅಂತ ಅನಿಸಿತ್ತು. ಆ 2,000ದ ಮಿತಿ ಇವತ್ತು ಗೊತ್ತಾಯಿತು ನೋಡಿರಿ.

ಈಗ ಲಿಂಕ್‌ನಲ್ಲೇ ಅರ್ಧರ್ಧ ಕಟ್ಟುವ ಸವಲತ್ತು ಬಳಸುತ್ತೇನೆ. ಸೆರಗಿನ ಬಣ್ಣ ಹೇಳಿ ನೇಯಿಸುವ ಆರ್ಡರ್ ಆದರೆ ಮೊದಲು 2,500, ಸೀರೆ ಮಗ್ಗದಿಂದ ಇಳಿದ ಮೇಲೆ ಅದೇ ಲಿಂಕ್‌ನಲ್ಲಿ ಉಳಿದ 4,000. ಗಿರಾಕಿ ಎಷ್ಟು ಕಟ್ಟಿದ್ದಾರೆ, ಎಷ್ಟು ಬಾಕಿ ಅಂತ ಅವರಿಗೇ ಕಾಣುತ್ತದೆ. ನನಗೆ "ಬಾಕಿ ಕೊಡಿ" ಅಂತ ಕೇಳುವ ನಾಚಿಕೆ ತಪ್ಪಿತು.

ಒಂದು ಸಲ ಎಡವಿದೆ. ನೇಯ್ಗೆಗೆ ಮೂರು ವಾರ ಹಿಡಿಯಿತು, ನಾನು ಲಿಂಕ್ ಅವಧಿ ಹತ್ತು ದಿನ ಇಟ್ಟಿದ್ದೆ. ಬಾಕಿ ಕಟ್ಟುವ ಹೊತ್ತಿಗೆ ಲಿಂಕ್ ಸತ್ತಿತ್ತು.

ಕೋಡ್_ಕುಂದಾ · ಬೆಳಗಾವಿ

ನಮ್ಮ ಅಮ್ಮ ಮನೆಯಲ್ಲಿ ಕುಂದಾ ಮಾಡುತ್ತಾರೆ. ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರತಿ ಸಲ ಫಾರಂ ತುಂಬುವುದು ಬೇಸರ ಅಂತ ಆರ್ಡರ್ ಶೀಟಿನಿಂದಲೇ ಲಿಂಕ್ ತಯಾರಾಗುವ ಹಾಗೆ ಕೋಡ್ ಬರೆದೆ. ಆರ್ಡರ್ 850 ರೂಪಾಯಿದು. ನಾನು ಕಳಿಸಿದ್ದು `"amount": 850`. ಲಿಂಕ್ ಬಂತು, ಅಮ್ಮ ನೋಡದೇ ಕಳಿಸಿದರು, ಗಿರಾಕಿ ಎಂಟೂವರೆ ರೂಪಾಯಿ ಕಟ್ಟಿ ಥ್ಯಾಂಕ್ಸ್ ಅಂದರು!

ಅಲ್ಲಿ ಮೊತ್ತ ಪೈಸೆಯಲ್ಲಿ ಕೊಡಬೇಕು. ಹೀಗೆ:

```
{
  "amount": 85000,
  "currency": "INR",
  "reference_id": "KUNDA-112",
  "description": "Kunda 1 kg"
}
```

ಲಿಂಕ್ ಮಾತ್ರ ಹೆಮ್ಮೆಯಿಂದ `Paid` ಅಂತ ತೋರಿಸುತ್ತಿತ್ತು. ಆಮೇಲೆ 841.50ಕ್ಕೆ ಇನ್ನೊಂದು ಲಿಂಕ್ ಕಳಿಸಿ ಕ್ಷಮೆ ಕೇಳಬೇಕಾಯಿತು. ಅಕ್ಕಾ, ನೀವು ಫಾರಂನಲ್ಲೇ ಮಾಡುತ್ತೀರಿ, ಅಲ್ಲಿ ರೂಪಾಯಿಯಲ್ಲೇ ಇರುತ್ತದೆ. ಭಯ ಬೇಡ.

ಸುಣ್ಣದಗಲ್ಲಿ_82 · ಬಾಗಲಕೋಟೆ

ಎಲ್ಲ ಸರಿ, ಆದರೆ ಇದೆಲ್ಲ ಆನ್‌ಲೈನ್ ಮಾಡಿದರೆ ಜಿಎಸ್‌ಟಿ ನೋಟಿಸ್ ಬರುತ್ತದೆ. 2025ರ ಜುಲೈನಲ್ಲಿ ಬೇಕರಿ, ತರಕಾರಿ ಅಂಗಡಿಯವರಿಗೆಲ್ಲ ಯುಪಿಐ ನೋಡಿ ನೋಟಿಸ್ ಬಂದದ್ದು ಮರೆತಿರಾ? ನಾನಂತೂ ನಗದು ಮಾತ್ರ.

ಲೆಕ್ಕದವ_ಟಿಳಕವಾಡಿ · ಬೆಳಗಾವಿ

ರಾಜ್ಯದೊಳಗೆ ಮಾತ್ರ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ. ಪುಣೆಯಂಥ ಹೊರರಾಜ್ಯಕ್ಕೆ ಮಾರುವುದರ ನಿಯಮ ಬೇರೆ. ನಗದೂ ಅದರಲ್ಲಿ ಸೇರುತ್ತದೆ, ಲಿಂಕ್‌ನಿಂದ ಬಂದದ್ದೂ ಸೇರುತ್ತದೆ. ಅಕ್ಕ ತಿಂಗಳಿಗೆ ಎಷ್ಟು ಮಾರುತ್ತಾರೆ ಅಂತ ಅವರಿಗೆ ಗೊತ್ತು. ನೋಟಿಸ್ ವಿಷಯಕ್ಕೆ ಬೇರೆ ಚರ್ಚೆ ತೆಗೆಯಿರಿ, ಇಲ್ಲಿ ಬೆರೆಸಬೇಡಿ.

ಈಗ ಕಾಕಾನ ಮಾತು. ಲಿಂಕ್ ಕಂಡರೆ ಜನ ಹೆದರುತ್ತಾರೆ, ಹೆದರಬೇಕು ಕೂಡ. ನಾನು ನೋಡಿದ ಮಟ್ಟಿಗೆ ಬರೀ ಲಿಂಕ್ ಕಳಿಸಿದರೆ ಹೆದರಿಕೆ ಜಾಸ್ತಿ. ಮೊದಲು ಆರ್ಡರ್ ಬರೆಯಿರಿ, ಆಮೇಲೆ ಲಿಂಕ್. ಒಂದು ನಮೂನೆ:

> ಅಕ್ಕಾ, ನಿಮ್ಮ ಆರ್ಡರ್ 47.
> 60 ಖಡಕ್ ರೊಟ್ಟಿ, ½ ಕಿಲೋ ಶೇಂಗಾ ಹಿಂಡಿ, ¼ ಕಿಲೋ ಗುರೆಳ್ಳು ಹಿಂಡಿ, ಪುಣೆ ಪಾರ್ಸೆಲ್ ಸೇರಿ 1,270.
> ಈ ಲಿಂಕ್‌ನಲ್ಲಿ ಕಟ್ಟಬಹುದು, ಗುರುವಾರ ರಾತ್ರಿ ತನಕ ಇರುತ್ತದೆ. ಪುಟ ತೆರೆದಾಗ ರೊಟ್ಟಿಮನೆ ಹೆಸರು ಮತ್ತು 1,270 ಕಾಣಬೇಕು. ಬೇರೆ ಏನಾದರೂ ಕಂಡರೆ ಕಟ್ಟಬೇಡಿ, ನನಗೆ ಫೋನ್ ಮಾಡಿ.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಇದ್ದರೆ ಇದನ್ನು ಕ್ವಿಕ್ ರಿಪ್ಲೈ ಮಾಡಿ ಇಟ್ಟುಕೊಳ್ಳಿರಿ. `/` ಒತ್ತಿದರೆ ಬರುತ್ತದೆ, ಸಾಮಾನು, ಮೊತ್ತ, ಲಿಂಕ್ ಅಷ್ಟೇ ಬದಲಿಸುವುದು. ಕಂಪನಿ ಕೊಟ್ಟ ಲಿಂಕನ್ನು ಇನ್ನೊಂದು ಕಡೆ ಹಾಕಿ ಮತ್ತೆ ಗಿಡ್ಡ ಮಾಡಬೇಡಿ. ಮೋಸ ಮಾಡುವವರೂ ಅದನ್ನೇ ಮಾಡುತ್ತಾರೆ.

ನಿವೃತ್ತ_ಕಾಕಾ · ವಿಜಯಪುರ

"ಫೋನ್ ಮಾಡಿ" ಅಂತ ಬರೆದದ್ದು ಚಲೋ ಆಯಿತು. ಆದರೂ ನಾನು ಲಿಂಕ್ ಒತ್ತುವುದಿಲ್ಲ. ನನ್ನಂಥವರು ನಗದು ಕೊಟ್ಟರೆ ಬೇಡ ಅನ್ನಬೇಡ ತಂಗಿ.

*(ಹದಿನಾರು ದಿನದ ನಂತರ)*

ನವನಗರ_ರೊಟ್ಟಿಮನೆ · ಬಾಗಲಕೋಟೆ

ಎಲ್ಲರಿಗೂ ಥ್ಯಾಂಕ್ಸ್. ಖಾತೆ ಆಯಿತು. ಮೊದಲ ಸಲ ವಾಪಸ್ ಬಂತು, ಪ್ಯಾನ್‌ನಲ್ಲಿ ತವರಿನ ಹೆಸರು, ಬ್ಯಾಂಕಿನಲ್ಲಿ ಗಂಡನ ಮನೆಯ ಅಡ್ಡಹೆಸರು. ಹಳೇ ಉಳಿತಾಯ ಖಾತೆ ಒಂದು ತವರಿನ ಹೆಸರಿನಲ್ಲೇ ಇತ್ತು, ಅದನ್ನು ಕೊಟ್ಟೆ. ಆಯಿತು.

ಈಗ ನಾನು ಹೀಗೆ ಮಾಡಿಕೊಂಡಿದ್ದೇನೆ. ಊರಿನ ಗಿರಾಕಿಗಳಿಗೆ ಬಸ್ಯಾನ ಪೈಸೆ ಉಪಾಯ, ರೊಕ್ಕ ಆ ಕ್ಷಣಕ್ಕೇ ಬರುತ್ತದೆ. ಅದರಲ್ಲೇ ಶೇಂಗಾ ತರಬೇಕಲ್ಲ. ಪಾರ್ಸೆಲ್ ಆರ್ಡರ್‌ಗೆ ಮಾತ್ರ ಲಿಂಕ್. ಇಲ್ಲಿಯತನಕ 11 ಲಿಂಕ್ ಕಳಿಸಿದ್ದೇನೆ, 9 ಜನ ಕಟ್ಟಿದರು. ಒಬ್ಬರು ಆರ್ಡರ್ ಬೇಡ ಅಂದರು, ಒಬ್ಬರು ಕಾಕಾನ ಹಾಗೆ "ಲಿಂಕ್ ಬೇಡ, ನಂಬರ್ ಕೊಡಿ" ಅಂದರು.

ಎರಡು ಸಲ ತಲೆ ಕೆಟ್ಟಿತು. ಒಂದು ನನ್ನದೇ ತಪ್ಪು. ಹಳೇ ಮೆಸೇಜ್ ಕಾಪಿ ಮಾಡಿ ಹೆಸರು, ಮೊತ್ತ ಬದಲಿಸಿದೆ, ಲಿಂಕ್ ಬದಲಿಸುವುದು ಮರೆತೆ. ಹೊಸ ಗಿರಾಕಿ ಒತ್ತಿದರೆ "ಆಗಲೇ ಕಟ್ಟಿ ಆಗಿದೆ" ಅಂತ ತೋರಿಸಿದೆ. ಪುಣ್ಯಕ್ಕೆ ಹಳೆಯದು ಮುಚ್ಚಿತ್ತು. ಕಟ್ಟದೇ ಉಳಿದ ಲಿಂಕ್ ಆಗಿದ್ದರೆ ಇವರ ರೊಕ್ಕ ಅವರ ಆರ್ಡರ್‌ಗೆ ಹೋಗುತ್ತಿತ್ತು, ಅಲ್ವಾ?

ಎರಡನೆಯದು ಗೊತ್ತಾಗುತ್ತಿಲ್ಲ. ಬೆಂಗಳೂರಿನ ಒಬ್ಬರು ಕಟ್ಟಿದರು, ಅವರ ಖಾತೆಯಿಂದ 890 ಹೋಗಿದೆ, ಬ್ಯಾಂಕಿನ ಮೆಸೇಜೂ ಇದೆ. ನನ್ನ ಪಟ್ಟಿಯಲ್ಲಿ ಇನ್ನೂ ಕಟ್ಟಿಲ್ಲ ಅಂತಲೇ ಇದೆ. ಲಿಂಕ್ ಇನ್ನೂ ತೆರೆದಿದೆ. ಮತ್ತೆ ಕಟ್ಟಿರಿ ಅನ್ನಲೇ? ರೊಟ್ಟಿ ಕಳಿಸಲೇ?

ಲೆಕ್ಕದವ_ಟಿಳಕವಾಡಿ · ಬೆಳಗಾವಿ

ಹೌದು, ಇವರ ರೊಕ್ಕ ಅವರ ಲೆಕ್ಕಕ್ಕೆ ಹೋಗುತ್ತಿತ್ತು. ಕ್ವಿಕ್ ರಿಪ್ಲೈನಲ್ಲಿ ಲಿಂಕ್ ಇರುವ ಜಾಗವನ್ನು ಖಾಲಿ ಇಡಿರಿ. ಹಳೇ ಮೆಸೇಜ್ ಕಾಪಿ ಮಾಡುವುದೇ ಬೇಡ.

890ರದು ನಡುದಾರಿಯಲ್ಲಿದೆ. ಅವರ ಬ್ಯಾಂಕ್ ಕಡಿದುಕೊಂಡಿದೆ, ಆ ಕಡೆ ಇನ್ನೂ ಸೇರಿಲ್ಲ. ಇವತ್ತೇ ಮತ್ತೆ ಕಟ್ಟಲು ಹೇಳಬೇಡಿ, ಎರಡೂ ಸೇರಿಬಿಡಬಹುದು. ಮೊದಲು ಅವರಿಂದ ಯುಟಿಆರ್ ನಂಬರ್ ತರಿಸಿಕೊಳ್ಳಿರಿ. ಅವರ ಆ್ಯಪ್‌ನಲ್ಲಿ ಆ ವಹಿವಾಟು ತೆರೆದರೆ 12 ಅಂಕಿಯದು ಇರುತ್ತದೆ. ಸ್ಕ್ರೀನ್‌ಶಾಟ್ ಬೇಡ, ಅಂಕಿ ಟೈಪ್ ಮಾಡಿ ಕಳಿಸಲಿ. ಅದನ್ನು ಕಂಪನಿಯ ಸಹಾಯ ವಿಭಾಗಕ್ಕೆ ಕೊಡಿರಿ. ಕೆಲವು ಸಲ ಸ್ವಲ್ಪ ಹೊತ್ತಿಗೆ ತಾನೇ `Paid` ಆಗುತ್ತದೆ. ಇಲ್ಲ ಅಂದರೆ ಅವರ ಖಾತೆಗೆ ವಾಪಸ್ ಹೋಗಬೇಕು. ವ್ಯಾಪಾರಿಗೆ ಯುಪಿಐನಲ್ಲಿ ಕಟ್ಟಿದ್ದು ಹೀಗೆ ಸಿಕ್ಕಿಬಿದ್ದರೆ ಐದು ದಿನದೊಳಗೆ ವಾಪಸ್ ಆಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಗಿರಾಕಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ.

ಬಸ್ಯಾ_ಗೋಳಗುಮ್ಮಟ · ವಿಜಯಪುರ

ಐದು ದಿನ ರೊಟ್ಟಿ ಕಾಯಿಸುತ್ತೀರಾ? ನಾನಾದರೆ ಕಳಿಸಿಬಿಡುತ್ತೇನೆ. ಬ್ಯಾಂಕಿನ ಮೆಸೇಜ್ ಇದೆಯಲ್ಲ.

ಇಳಕಲ್_ಸೆರಗು · ಇಳಕಲ್

ರೊಟ್ಟಿಗೆ ಆದೀತು ತಮ್ಮಾ. ಸೀರೆ ಆದರೆ ನಾನು ಕಳಿಸುವುದಿಲ್ಲ. ಸ್ಕ್ರೀನ್‌ಶಾಟ್ ನಂಬಿ ಕಳಿಸಿದ್ದಕ್ಕೇ ಅಲ್ಲವೇ ಈ ಚರ್ಚೆ ಶುರುವಾದದ್ದು?

ನವನಗರ_ರೊಟ್ಟಿಮನೆ · ಬಾಗಲಕೋಟೆ

ಆ ಅಕ್ಕ ಮೂರು ವರ್ಷದ ಗಿರಾಕಿ. ಯುಟಿಆರ್ ಕೇಳಿದೆ, ಎರಡೇ ನಿಮಿಷಕ್ಕೆ ಕಳಿಸಿದರು. ಕಂಪನಿಗೆ ಹಾಕಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ರೊಟ್ಟಿ ಇವತ್ತು ರಾತ್ರಿ ಬಸ್ಸಿಗೆ ಹಾಕುತ್ತಿದ್ದೇನೆ. ವಹಿಯಲ್ಲಿ 58ನೇ ಆರ್ಡರ್ ಮುಂದೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದೇನೆ, ಪೆನ್ನಿನಲ್ಲಿ ಬರೆದಿಲ್ಲ.